ಕಾರ್ಡುಗಳು ಒಂದೇ ಸಮ ಯಾಕೆ ಬರ್ತಿಲ್ಲ ಅಂತ

ಅಕ್ಕಾ, ನಮಸ್ಕಾರ.

ಟ್ಯಾಕ್ಸಿ ಸೈಟಿನ ಬಗ್ಗೆ ನಿನ್ನೆ ರಾತ್ರಿ ನೀವು ಕಳಿಸಿದ ಹದಿನೇಳು ಸ್ಕ್ರೀನ್‌ಶಾಟೂ ಕೂತು ನೋಡಿದೆ. ಅದರಲ್ಲಿ ಐದು ನನ್ನದೇ ತಪ್ಪು. ಅಂಚಿನ ಜಾಗ 24 ಪಿಕ್ಸೆಲ್ ಇರಬೇಕಾದ ಕಡೆ 20 ಹಾಕಿದ್ದೆ, ದರದ ಬಣ್ಣ ಒಂದು ಛಾಯೆ ತಿಳಿಯಾಗಿತ್ತು, ಅಂಥವು. ಬೆಳಿಗ್ಗೆಯೇ ಸರಿ ಮಾಡಿದೀನಿ. ಉಳಿದ ಹನ್ನೆರಡೂ ಹೆಚ್ಚುಕಮ್ಮಿ ಒಂದೇ ದೂರು: ಊರುಗಳ ಕಾರ್ಡುಗಳು ಏರುಪೇರಾಗಿವೆ, ಮಾಕಪ್‌ನಲ್ಲಿ ಇರೋ ಹಾಗೇ ಬರಲಿ. ಅದು ಹಾಗೇ ಬರಲ್ಲ ಅಕ್ಕಾ. ಸೋಮಾರಿತನಕ್ಕೆ ಹೇಳ್ತಿಲ್ಲ, ಪೂರ್ತಿ ಓದಿ ಆಮೇಲೆ ಬೈಯಿರಿ.

ನಿಮ್ಮ ಫಿಗ್ಮಾ ಫೈಲಿನಲ್ಲಿ ಆರು ಕಾರ್ಡಿದೆ. ಆರರಲ್ಲೂ ಹೆಸರು ‘ಬೇಲೂರು’, ಕೆಳಗೆ ಅದೇ ಮೂರು ಸಾಲಿನ ವಿವರಣೆ, ಅದೇ ಅಡ್ಡ ಫೋಟೋ. ಒಂದನ್ನೇ ಆರು ಸಲ ಅಂಟಿಸಿದರೆ ಸಮ ಬರದೆ ಇನ್ನೇನು? ಮೊನ್ನೆ ಟ್ಯಾಕ್ಸಿ ಓನರ್ ನಿಜವಾದ ಪಟ್ಟಿ ಕಳಿಸಿದ ಮೇಲೆ ಕಥೆ ಬೇರೆಯಾಯ್ತು. ಒಂದು ಊರು ‘ಕಳಸ’, ಮೂರೇ ಅಕ್ಷರ. ಅದರ ಪಕ್ಕದ ಕಾರ್ಡು ‘ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಸ್ಥಾನ’. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಅದು ಎರಡು ಸಾಲು, ಕೆಲವು ಫೋನಿನಲ್ಲಿ ಮೂರು. ವಿವರಣೆಯೂ ಅಷ್ಟೇ. ಓನರ್ ಹುಟ್ಟಿ ಬೆಳೆದದ್ದು ಬೇಲೂರಿನಲ್ಲಿ, ಹಾಗಾಗಿ ಬೇಲೂರಿಗೆ ಹದಿನಾಲ್ಕು ಸಾಲು ಬರೆದಿದ್ದಾರೆ. ಕಳಸಕ್ಕೆ ‘ದೇವಸ್ಥಾನ ಚೆನ್ನಾಗಿದೆ’, ಮುಗೀತು.

ಹೆಸರು ಒಂದೇ ಸಾಲಿಗೆ ಕತ್ತರಿಸಿ ಮೂರು ಚುಕ್ಕಿ ಹಾಕು ಅಂದಿದ್ದೀರಿ. ಹಾಕಿ ನೋಡಿದೆ. ಪಟ್ಟಿಯಲ್ಲಿ ‘ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ’ ಒಂದು, ‘ಹಳೇಬೀಡಿನ ಕೇದಾರೇಶ್ವರ ದೇವಾಲಯ’ ಇನ್ನೊಂದು. ಕತ್ತರಿಸಿದ ಮೇಲೆ ಚಿಕ್ಕ ಫೋನಿನಲ್ಲಿ ಎರಡೂ ‘ಹಳೇಬೀಡಿನ…’ ಆಗಿ ಅಕ್ಕಪಕ್ಕ ನಿಂತವು. ಯಾವುದನ್ನು ಒತ್ತಬೇಕು ಅಂತ ಗಿರಾಕಿಗೆ ಹೇಗೆ ಗೊತ್ತಾಗಬೇಕು ಹೇಳಿ. ಇನ್ನು ಕೋಡಿನಲ್ಲಿ ಅಕ್ಷರ ಎಣಿಸಿ ಕತ್ತರಿಸೋದಂತೂ ಕನ್ನಡಕ್ಕೆ ಬೇಡವೇ ಬೇಡ. ‘ಚಿಕ್ಕಮಗಳೂರು’ ನಮ್ಮ ಕಣ್ಣಿಗೆ ಆರು ಅಕ್ಷರ, ಕಂಪ್ಯೂಟರಿಗೆ ಹನ್ನೊಂದು. ಗುಣಿತದ ಚಿಹ್ನೆಯನ್ನೂ ಒತ್ತಕ್ಷರದ ನಡುವಿನ ವಿರಾಮವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತೆ. ನಾಲ್ಕಕ್ಕೆ ಕತ್ತರಿಸು ಅಂದರೆ ‘ಚಿಕ್’ ಅಂತ ಉಳಿಯುತ್ತೆ. ನಿಮ್ಮ ಊರನ್ನೇ ಹಾಗೆ ಕೂಗಿಸಿಕೊಳ್ತೀರಾ?

ಇನ್ನೊಂದು, ಒಂದೇ ಸಾಲಿನ ‘ಬೇಲೂರು’ ಇಟ್ಟುಕೊಂಡಿದ್ದರಿಂದ ಮಾಕಪ್‌ನಲ್ಲಿ ಕಾಣಿಸದೇ ಹೋಗಿದ್ದು: ಸಾಲಿನ ಎತ್ತರ. 28ರ ಅಕ್ಷರಕ್ಕೆ ನೀವು 32 ಕೊಟ್ಟಿದ್ದೀರಿ. ಇಂಗ್ಲಿಷಿಗೆ ಸಾಕು. ‘ದೊಡ್ಡಗದ್ದವಳ್ಳಿಯ’ ಅನ್ನೋದರಲ್ಲಿ ಮೂರು ಒತ್ತು ಕೆಳಕ್ಕೆ ಇಳಿದಿವೆ. ಎರಡನೇ ಸಾಲಿಗೆ ಬರೋದು ‘ಲಕ್ಷ್ಮೀ’, ಅದರಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಗಲುತ್ತೆ, ಕೆಳಗಿನದರ ಒತ್ತು ಡಬ್ಬಿಯ ಅಂಚಿಗೆ ಸಿಕ್ಕಿ ಅರ್ಧ ಮಾಯ. ಅದಕ್ಕೇ ನಾನು 1.6 ಪಟ್ಟು ಮಾಡಿದ್ದು. ನಿಮ್ಮ ಸ್ಕ್ರೀನ್‌ಶಾಟ್ ನಂಬರ್ 4, 7, 8ರಲ್ಲಿ ‘ಸಾಲಿನ ನಡುವೆ ಗಾಳಿ ಜಾಸ್ತಿ’ ಅಂತ ಬರೆದಿದ್ದೀರಲ್ಲ, ಆ ಗಾಳಿ ಒತ್ತಕ್ಷರಕ್ಕೆ ಬೇಕು. ಇದೊಂದನ್ನು ನಾನು ಬಿಟ್ಟುಕೊಡಲ್ಲ.

ಎತ್ತರವನ್ನು 420ಕ್ಕೆ ಗಟ್ಟಿಯಾಗಿ ಕಟ್ಟಿಹಾಕಿದರೆ ಸಮ ಬರುತ್ತೆ, ನಿಜ. ಬೇಲೂರಿನ ಬರಹ ದರದ ಮೇಲೆ ಹರಿದು ಹೋಗುತ್ತೆ, ಕಳಸದ ಕಾರ್ಡಿನಲ್ಲಿ ಮುಕ್ಕಾಲು ಭಾಗ ಖಾಲಿ ಬಯಲು. ನಮ್ಮಪ್ಪನ ಫೋನಿನಲ್ಲೂ ತೆರೆದು ನೋಡಿದೆ. ಕಣ್ಣು ಮಂಜು ಅಂತ ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿದ್ದಾರೆ. ಕಾಯ್ದಿರಿಸುವ ಬಟನ್ನೇ ಕಾಣಲಿಲ್ಲ, ಕಾರ್ಡಿನಿಂದ ಹೊರಗೆ ಬಿದ್ದಿತ್ತು. ಶ್ರವಣಬೆಳಗೊಳಕ್ಕೆ ಗಾಡಿ ಮಾಡಿಸೋರು ಹೆಚ್ಚಿಗೆ ಆ ವಯಸ್ಸಿನವರೇ ಅಂತ ಓನರೇ ಹೇಳಿದ್ದರು.

ಶ್ರವಣಬೆಳಗೊಳ ಅಂದಾಗ ನೆನಪಾಯ್ತು, ಸ್ಕ್ರೀನ್‌ಶಾಟ್ 11ರಲ್ಲಿ ‘ಈ ಫೋಟೋ ಯಾಕೆ ಹೀಗೆ’ ಅಂತ ಕೇಳಿದ್ದೀರಿ. ಗೊಮ್ಮಟ ಸುಮಾರು 57 ಅಡಿ ಎತ್ತರ, ಓನರ್ ಫೋನು ನಿಲ್ಲಿಸಿಯೇ ತೆಗೆದಿದ್ದಾರೆ, ಬೇರೆ ಹೇಗೆ ತೆಗೆದಾರು. ಅದನ್ನು ನಿಮ್ಮ 16:9ರ ಅಡ್ಡ ಚೌಕಟ್ಟಿಗೆ ತುಂಬಿಸಿದರೆ ನಡುಭಾಗ ಮಾತ್ರ ಉಳಿದು ತಲೆ ಹೋಗುತ್ತೆ. ಮೊದಲ ಸಲ ಪರದೆ ಮೇಲೆ ಬಂದಾಗ ನಾನೇ ಗಾಬರಿಯಾಗಿ ಲ್ಯಾಪ್‌ಟಾಪ್ ಮುಚ್ಚಿದೆ. ಈಗ `object-position: top` ಹಾಕಿ ಮುಖ ಉಳಿಸಿಕೊಂಡಿದೀನಿ, ಆದರೆ ನೀವು ಬಯಸಿದ ಸಂಯೋಜನೆ ಅಲ್ಲ ಅದು, ಒಪ್ಪುತ್ತೇನೆ.

‘ವಿಶ್ವ ಪರಂಪರೆ’ ಅನ್ನೋ ಚೀಟಿಯೂ ಹಾಗೆ. ಮಾಕಪ್‌ನಲ್ಲಿ ಆರಕ್ಕೆ ಆರು ಕಾರ್ಡಿಗೂ ಅಂಟಿಸಿದ್ದೀರಿ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳು ಬೇಲೂರು, ಹಳೇಬೀಡು, ಸೋಮನಾಥಪುರದವು. ಮುಳ್ಳಯ್ಯನಗಿರಿಗೆ ಅದನ್ನು ಹಾಕಕ್ಕಾಗಲ್ಲ. ಅದು ಇಲ್ಲದ ಕಾರ್ಡಿನಲ್ಲಿ ಆ ಜಾಗ ಖಾಲಿ ಬಿಡಬೇಕಾ, ಹೆಸರು ಮೇಲಕ್ಕೆ ಬರಬೇಕಾ? ಮಾಕಪ್ ಏನೂ ಹೇಳಲ್ಲ, ಸದ್ಯಕ್ಕೆ ನಾನೇ ಮೇಲಕ್ಕೆ ತಂದಿದೀನಿ.

ಹಾಗಂತ ಎಲ್ಲ ಕೈಬಿಟ್ಟು ಕೂತಿಲ್ಲ. ನಿಮಗೆ ನಿಜವಾಗಿ ಕಿರಿಕಿರಿ ಆಗ್ತಿರೋದು ಎತ್ತರಕ್ಕಿಂತ ಹೆಚ್ಚಾಗಿ ದರದ ಸಾಲು ಒಂದೊಂದು ಕಾರ್ಡಿನಲ್ಲಿ ಒಂದೊಂದು ಕಡೆ ಕೂತಿರೋದು ಅಂತ ನನ್ನ ಅಂದಾಜು. ಅದಕ್ಕೆ ದಾರಿಯಿದೆ. ಒಂದು ಸಾಲಿನಲ್ಲಿರೋ ಮೂರೂ ಕಾರ್ಡುಗಳ ಫೋಟೋ, ಹೆಸರು, ವಿವರಣೆ, ದರ ಒಂದೇ ಗೆರೆಗೆ ಬರೋ ಹಾಗೆ ಹೀಗೆ ಮಾಡಿದೀನಿ:

```css
.card {
  display: grid;
  grid-row: span 4;
  grid-template-rows: subgrid;
}
.card-title {
  line-height: 1.6;
  overflow-wrap: break-word;
}
```

ಇದರಲ್ಲಿ ಆ ಸಾಲಿನ ಅತಿ ಉದ್ದದ ಹೆಸರು ಎಷ್ಟು ಜಾಗ ಕೇಳುತ್ತೋ ಅಷ್ಟನ್ನು ಉಳಿದೆರಡೂ ಬಿಟ್ಟುಕೊಡುತ್ತವೆ. ಎತ್ತರ ಸಾಲಿಂದ ಸಾಲಿಗೆ ಬದಲಾಗುತ್ತೆ, ಆದರೆ ಒಂದೇ ಸಾಲಿನೊಳಗೆ ದರ ದರಕ್ಕೆ, ಬಟನ್ ಬಟನ್‌ಗೆ ನೇರ ನಿಲ್ಲುತ್ತೆ. ಹಳೇ ಬ್ರೌಸರ್‌ನಲ್ಲಿ ಈ ಹೊಂದಾಣಿಕೆ ಇರಲ್ಲ, ಓದೋಕೆ ತೊಂದರೆಯಿಲ್ಲ.

ವಿವರಣೆಯನ್ನು ಮಾತ್ರ ನಾಲ್ಕು ಸಾಲಿಗೆ ನಿಲ್ಲಿಸಿ, ಪೂರ್ತಿ ಬರಹ ಒಳಪುಟದಲ್ಲಿ ಇಟ್ಟಿದೀನಿ. ಹೆಸರು ಕತ್ತರಿಸಿಲ್ಲ, ಕತ್ತರಿಸೋದೂ ಇಲ್ಲ. ಓನರ್‌ಗೆ ಬೇಲೂರನ್ನು ಹದಿನಾಲ್ಕರಿಂದ ಆರು ಸಾಲಿಗೆ ಇಳಿಸಿ ಅಂತ ಕೇಳೋ ಧೈರ್ಯ ನನಗಿಲ್ಲ. ನೀವು ಹೇಳಿದರೆ ಕೇಳಬಹುದು.

ನಿಮ್ಮಿಂದ ಬೇಕಾಗಿರೋದು ಇಷ್ಟು. ಅದೇ ಫೈಲಿನಲ್ಲಿ ಒಂದು ಕಾರ್ಡಿಗೆ ‘ಕಳಸ’, ಇನ್ನೊಂದಕ್ಕೆ ದೊಡ್ಡಗದ್ದವಳ್ಳಿಯ ಪೂರ್ತಿ ಹೆಸರು ಹಾಕಿ, ಮೂರನೆಯದಕ್ಕೆ ಫೋಟೋನೇ ಇಲ್ಲ ಅಂದುಕೊಂಡು ಬಿಡಿಸಿ ಕೊಡಿ. ಕೆಮ್ಮಣ್ಣುಗುಂಡಿಯ ಫೋಟೋ ಇನ್ನೂ ಬಂದಿಲ್ಲ, ಅಲ್ಲಿ ಈಗ ಬೂದು ಡಬ್ಬಿ ಕೂತಿದೆ, ನೋಡೋಕೆ ಚೆನ್ನಾಗಿಲ್ಲ. ನಿಂತ ಫೋಟೋಗೆ ಬೇರೆ ಅಳತೆಯ ಚೌಕಟ್ಟು ಕೊಡೋದಾದರೆ ಅದನ್ನೂ ಹೇಳಿ. ಈ ನಾಲ್ಕಕ್ಕೆ ನೀವು ಏನು ಬಿಡಿಸಿ ಕೊಟ್ಟರೂ ಪಿಕ್ಸೆಲ್‌ಗೆ ಪಿಕ್ಸೆಲ್ ಕೂರಿಸ್ತೀನಿ.

ಫೋನಲ್ಲಿ ಜಗಳ ಆಡೋದಕ್ಕಿಂತ ಶನಿವಾರ ನಾನೇ ಚಿಕ್ಕಮಗಳೂರಿಗೆ ಬರ್ತೀನಿ, ಹೇಗೂ ಅತ್ತೆ ಮನೆಗೆ ಬರೋದಿದೆ. ಹನ್ನೊಂದು ಗಂಟೆಗೆ ಬಿಡುವಿದ್ದರೆ ಹೇಳಿ, ಅಪ್ಪನ ಫೋನೂ ತರ್ತೀನಿ. ಕಾಫಿ ನಿಮ್ಮದು.

ಕಿರಣ, ಹಾಸನ