ನೀವು ಕರೆದ ಕೆಲಸದ ಬಗ್ಗೆ, ಮಾವನಿಗೆ

ಸುರತ್ಕಲ್
12-10-2025, ಆದಿತ್ಯವಾರ

ಪ್ರೀತಿಯ ಮಾವನಿಗೆ,

ನಿಮಗೂ ಅತ್ತೆಗೂ ನಮಸ್ಕಾರ. ಹೊಸ ಅಕ್ಕಿ ಊಟದ ದಿನ ಚಾವಡಿಯಲ್ಲಿ ಕೂತು ನೀವು ಕೇಳಿದ ಮಾತಿಗೆ ದೀಪಾವಳಿಯ ಒಳಗೆ ಉತ್ತರ ಹೇಳು ಅಂದಿದ್ದಿರಿ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ದನಿ ಕೇಳಿದರೆ ನಾನು ಹೂಂ ಅಂದುಬಿಡುತ್ತೇನೆ, ಅದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮಾವ, ನಾನು ನಿಮ್ಮ ಗೇರುಬೀಜದ ಫ್ಯಾಕ್ಟರಿಗೆ ಮ್ಯಾನೇಜರ್ ಕೆಲಸಕ್ಕೆ ಬರುವುದಿಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಪತ್ರ ಪೂರ್ತಿ ಓದಿ.

ನೀವು ಕರೆದದ್ದು ಸಣ್ಣ ವಿಷಯ ಅಲ್ಲ. ತಿಂಗಳಿಗೆ 70,000 ಸಂಬಳ, ಓಡಾಡಲು ಕಾರು, ಸುರತ್ಕಲ್‌ನ ಬಾಡಿಗೆ ಮನೆ ಬಿಟ್ಟು ಊರಲ್ಲೇ ಇರುವ ಯೋಗ. ಈಗ ಬೈಕಂಪಾಡಿಯಲ್ಲಿ ನನಗೆ ಸಿಗುವುದು 52,000. ಹಣ ಬೇಡ ಅನ್ನುವಷ್ಟು ದೊಡ್ಡವನು ನಾನಲ್ಲ. ಅದಕ್ಕಿಂತ ಜಾಸ್ತಿ ಮನಸ್ಸಿಗೆ ನಾಟಿದ್ದು ನಿಮ್ಮ ಮಾತು. "ಹೊರಗಿನವ್ರನ್ನ ನಂಬುಕಾತ್ತಾ ಮಾರಾಯಾ? ನೀನೇ ಬಾ" ಅಂದಿರಲ್ಲ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಮೇಲೆ ನೀವು ದಣಿಯುವುದು ಕಣ್ಣಿಗೆ ಕಾಣುತ್ತದೆ. ಬಿ.ಕಾಂ. ಮೂರು ವರ್ಷದ ಫೀಸು ನೀವು ಕಟ್ಟಿದ್ದು. ಅಮ್ಮನಿಗೆ ಹೇಳದೆ ಪರೀಕ್ಷೆ ಫೀಸಿಗೂ ಕಿಸೆಗೆ ದುಡ್ಡು ತುರುಕಿದ್ದು. ಯಾವುದೂ ಮರೆತಿಲ್ಲ. ಮರೆಯದೆ ಇರುವುದರಿಂದಲೇ ಬರುವುದಿಲ್ಲ ಅನ್ನುತ್ತಿದ್ದೇನೆ.

ಎಪ್ರಿಲ್‌ನಲ್ಲಿ ನೀವು ಆಸ್ಪತ್ರೆಯಲ್ಲಿದ್ದಾಗ ನಾನು ನಾಲ್ಕು ದಿನ ಫ್ಯಾಕ್ಟರಿ ನೋಡಿಕೊಂಡೆ ಅಲ್ವಾ. ಆಗ ನಡೆದ ಒಂದು ವಿಷಯ ನಿಮಗೆ ಇಲ್ಲಿಯವರೆಗೆ ಹೇಳಿಲ್ಲ. ಎರಡನೇ ದಿನ ಗ್ರೇಡಿಂಗ್ ಮೇಜಿನ ಹತ್ತಿರ ಹೋಗಿದ್ದೆ. ನಾನು ಹೋದ ಕೂಡಲೇ ಹೆಂಗಸರೆಲ್ಲ ಎದ್ದು ನಿಂತರು. ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ತೋಟ ಸುತ್ತಿಸಿದ ಅಕ್ಕನೂ ನಿಂತರು. ಕೂತ್ಕಣಿ ಅಂದರೂ ಕೂರಲಿಲ್ಲ. ಅವರ ಮುಂದಿನ ತಟ್ಟೆಯಿಂದ ಒಂದು ಹಿಡಿ ಬೀಜ ತೆಗೆದು ನೋಡಿ, "ಇದು 320, 240ಕ್ಕೆ ಯಾಕೆ ಹಾಕಿದ್ದೀರಿ?" ಅಂದೆ. ಅವರು ಒಂದು ಮಾತೂ ಆಡಲಿಲ್ಲ. "ಅಡ್ಡಿಲ್ಲ ಧಣಿ" ಅಂದು ಟಿನ್ ಪೂರ್ತಿ ಸುರಿದು 320ಕ್ಕೆ ಹಾಕಿದರು.

ಸಂಜೆ ರೈಟ್ರು ಆ ಟಿನ್ ತೆಗೆಸಿದರು. ನೂರು ಬೀಜ ಎಣಿಸಿ ತಕ್ಕಡಿಗೆ ಹಾಕಿದರು. 200 ಗ್ರಾಂ ಹತ್ತಿರ ಬಂತು. 320 ಆಗಿದ್ದರೆ 150ರ ಆಸುಪಾಸು ಇರಬೇಕಿತ್ತು. ಪೌಂಡಿಗೆ 220ರಿಂದ 240 ಬೀಜ ಅಂದರೆ 240 ಗ್ರೇಡು, 300ರಿಂದ 320 ಅಂದರೆ 320. ಕಾಗದದ ಮೇಲೆ ನನಗೆ ಇದೆಲ್ಲ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಆ ಅಕ್ಕನ ಕೈಗೆ ಇಪ್ಪತ್ತು ವರ್ಷದಿಂದ ಗೊತ್ತು. ನಾನು ತಪ್ಪು ಅಂತಲೂ ಅವರಿಗೆ ಆಗಲೇ ಗೊತ್ತಾಗಿತ್ತು. ಬೇರೆ ಯಾರೋ ಹೊಸ ಸೂಪರ್‌ವೈಸರ್ ಹಾಗೆ ಹೇಳಿದ್ದರೆ ಅಲ್ಲೇ ಜೋರು ಮಾಡಿ ಬಾಯಿ ಮುಚ್ಚಿಸುತ್ತಿದ್ದರು. ಧಣಿಗಳ ಅಳಿಯ ಅಂತ ಸುಮ್ಮನಾದರು. ರೈಟ್ರು ಕೂಡ ನನಗೆ ಏನೂ ಹೇಳದೆ, ಬೀಜವನ್ನು ಮತ್ತೆ 240ಕ್ಕೆ ಹಾಕಿಸಿ ಮನೆಗೆ ಹೋದರು. ನಾನು ಬಾಗಿಲ ಹತ್ತಿರ ನಿಂತು ನೋಡಿದ್ದು ಅವರಿಗೆ ಗೊತ್ತಿಲ್ಲ.

ಅವತ್ತು ಹೋದದ್ದು ಒಂದು ಟಿನ್, ಅದೂ ವಾಪಸ್ ಬಂತು. ನಾನು ದಿನಾ ಆ ಕುರ್ಚಿಯಲ್ಲಿ ಕೂತರೆ ಎಷ್ಟು ಟಿನ್ ಹೀಗೆ ಹೋಗಬಹುದು? ನನ್ನ ತಪ್ಪು ನನಗೆ ಹೇಳುವವರು ಇಲ್ಲದ ಜಾಗದಲ್ಲಿ ನಾನು ಕೆಲಸ ಕಲಿಯುವುದಾದರೂ ಹೇಗೆ?

ರೈಟ್ರ ವಿಷಯಕ್ಕೇ ಬರುತ್ತೇನೆ. 22 ವರ್ಷದಿಂದ ಇದ್ದಾರೆ. ಬಂದರಿನಿಂದ ಆಫ್ರಿಕಾದ ಲೋಡು ಬಂದರೆ ಮೊದಲು ಚೀಲಕ್ಕೆ ಕೈ ಹಾಕುವವರು ಅವರು. ಒಂದು ಕಿಲೋ ಬೀಜ ಅಳೆದು, ಒಂದೊಂದೇ ಕತ್ತರಿಸಿ, ಒಳ್ಳೆಯದು ಒಂದು ಕಡೆ, ಹಾಳಾದ್ದು ಒಂದು ಕಡೆ ಇಟ್ಟು, 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬರುತ್ತದೆ ಅಂತ ಅಲ್ಲೇ ಹೇಳುತ್ತಾರೆ. ಬೀಜದ ಎಣ್ಣೆ ತಾಗಿ ತಾಗಿ ಅವರ ಎರಡು ಬೆರಳ ತುದಿ ಕಪ್ಪಾಗಿಯೇ ಉಳಿದಿದೆ. ಅವರ ಸಂಬಳ 31,000 ಅಂತ ನೀವೇ ಹೇಳಿದ್ದು. ನಾಲ್ಕು ದಿನದ ಅನುಭವ ಇರುವ ನಾನು 70,000ಕ್ಕೆ ಬಂದು ಅವರ ಮೇಲೆ ಕೂರಬೇಕು. ಅವರು ಬಾಯಿ ಬಿಟ್ಟು ಏನೂ ಅನ್ನುವವರಲ್ಲ. ಆದರೆ ಮಾರನೇ ದಿನದಿಂದ ಆ ಕತ್ತರಿ ಅಷ್ಟೇ ಪ್ರೀತಿಯಿಂದ ಹಿಡಿಯುತ್ತಾರಾ, ಮಾವ? ನಾನಾಗಿದ್ದರೆ ಹಿಡಿಯುತ್ತಿರಲಿಲ್ಲ.

ಇನ್ನೊಂದು ಮಾತು, ಹೇಳಲು ಸ್ವಲ್ಪ ಕಷ್ಟ. ಅಮ್ಮಮ್ಮ ಹೇಳುತ್ತಿದ್ದರಲ್ಲ, ಉಂಡ ಮನೆಯ ಜಂತಿ ಎಣಿಸಬಾರದು ಅಂತ. ನನ್ನ ಕೆಲಸವೇ ಜಂತಿ ಎಣಿಸುವುದು. ಯಾವ ವೋಚರ್‌ಗೆ ಬಿಲ್ಲಿಲ್ಲ, ಯಾವ ಖರ್ಚು ಮನೆಯದ್ದು, ಯಾವುದು ಫ್ಯಾಕ್ಟರಿಯದ್ದು, ಅದನ್ನೇ ಹುಡುಕಲು ನನಗೆ ಸಂಬಳ ಕೊಡುವುದು. ಅತ್ತೆಯ ಕಾರಿನ ಪೆಟ್ರೋಲ್ ಫ್ಯಾಕ್ಟರಿ ಲೆಕ್ಕದಲ್ಲಿ ಕಂಡರೆ ನಾನು ಕೇಳಬೇಕು. ಕೇಳದಿದ್ದರೆ ಸಂಬಳಕ್ಕೆ ಮೋಸ. ಕೇಳಿದರೆ ಅತ್ತೆ ಬಡಿಸಿದ ಅನ್ನಕ್ಕೆ ಮೋಸ. ಹಾಗೆ ಇದೆ ಅಂತ ಹೇಳುತ್ತಿಲ್ಲ, ಲೆಕ್ಕ ನಾನು ನೋಡಿಲ್ಲ. ಆದರೆ ಯಾವ ಮನೆ ವ್ಯವಹಾರದಲ್ಲಿ ಇಂಥದ್ದು ಸ್ವಲ್ಪವೂ ಇರುವುದಿಲ್ಲ? ನಿಮ್ಮ ಮನೆಯಲ್ಲಿ ನಾನು ಎರಡನೇ ಸಲ ಬಡಿಸಿ ಅಂತ ನಾಚಿಕೆ ಇಲ್ಲದೆ ಕೇಳುವವನು. ಅದು ಹಾಗೇ ಇರಲಿ.

ಪ್ರಜ್ವಲ್ ಬಗ್ಗೆಯೂ ಯೋಚನೆ ಮಾಡಿ. ಈಗ ಅವನು ಬೆಂಗಳೂರಿನಲ್ಲಿ ಖುಷಿಯಾಗಿದ್ದಾನೆ, ಫ್ಯಾಕ್ಟರಿ ಬೇಡ ಅನ್ನುತ್ತಾನೆ. ಐದು ವರ್ಷ ಬಿಟ್ಟು ಮದುವೆ, ಮಕ್ಕಳು ಅಂತ ಆದ ಮೇಲೆ ಊರಿಗೆ ಬರಬೇಕು ಅನ್ನಿಸಿದರೆ? ನಿಮ್ಮ ಮಗ, ಅವನಿಗೆ ಆ ಹಕ್ಕು ಇದೆ. ಅಷ್ಟರಲ್ಲಿ ನಾನು ಬ್ಯಾಂಕಿನವರ ಜೊತೆ, ಏಜೆಂಟರ ಜೊತೆ ನನ್ನದೇ ದಾರಿ ಮಾಡಿಕೊಂಡಿರುತ್ತೇನೆ. ಅವನು ಬಂದಾಗ ಏಳಬೇಕಾದವನು ನಾನು. ಸಂತೋಷದಿಂದ ಏಳುತ್ತೇನೆ ಅಂತ ಇವತ್ತು ಹೇಳಬಹುದು. ಆಗ ನನಗೆ ನಲವತ್ತು ದಾಟಿರುತ್ತದೆ, ಮಗಳು ಹೈಸ್ಕೂಲಲ್ಲಿರುತ್ತಾಳೆ. ಅವತ್ತಿನ ನನ್ನ ಮನಸ್ಸಿಗೆ ಇವತ್ತೇ ಜಾಮೀನು ನಿಲ್ಲುವ ಧೈರ್ಯ ನನಗಿಲ್ಲ.

ಊರಿನವರ ಬಾಯಿ ಬೇರೆ. ನಮ್ಮದು ಅಳಿಯಕಟ್ಟಿನ ಕುಟುಂಬ. 1949ರ ಅಳಿಯಸಂತಾನ ಕಾಯ್ದೆ, 1956ರ ಉತ್ತರಾಧಿಕಾರ ಕಾಯ್ದೆ ಎಲ್ಲ ಬಂದು ಕಾಲ ಆಯಿತು, ಆದರೂ ಮಾವನ ಆಸ್ತಿ ಸೋದರಳಿಯನಿಗೆ ಅನ್ನುವ ಮಾತು ಜನರ ತಲೆಯಿಂದ ಹೋಗಿಲ್ಲ. ನಾನು ಆಫೀಸಿನ ಬಾಗಿಲು ದಾಟಿದ ದಿನವೇ "ಅಳಿಯ ಬಂದ, ಇನ್ನು ಅವನದ್ದೇ" ಅಂತ ಶುರುವಾಗುತ್ತದೆ. ನೀವು ನಂಬುವುದಿಲ್ಲ, ಅತ್ತೆಯೂ ನಂಬುವುದಿಲ್ಲ. ಆದರೆ ವರ್ಷಗಟ್ಟಲೆ ಕೇಳಿದರೆ ಪ್ರಜ್ವಲ್‌ಗೆ ಒಂದು ದಿನ ಹೌದಾ ಅನ್ನಿಸಬಹುದು.

ಅಪ್ಪನ ಕತೆ ನಿಮಗೆ ಗೊತ್ತೇ ಇದೆ. ಮುಂಬೈಯಲ್ಲಿ ದೊಡ್ಡಪ್ಪನ ಹೋಟೆಲಿನ ಗಲ್ಲದಲ್ಲಿ ಒಂಬತ್ತು ವರ್ಷ ಕೂತರು. ಸಂಬಳ ಎಷ್ಟು ಅಂತ ಮಾತಾಡಿರಲೇ ಇಲ್ಲ, ಅಣ್ಣತಮ್ಮಂದಿರಲ್ಲಿ ಅದೆಲ್ಲ ಯಾಕೆ ಅಂತ. ಬಿಟ್ಟು ಬರುವಾಗ ದೊಡ್ಡಪ್ಪ ಕೊಟ್ಟದ್ದು ಜಾಸ್ತಿ ಅಂತ ಅವರಿಗೆ, ಕಡಿಮೆ ಅಂತ ಅಪ್ಪನಿಗೆ. ಇಬ್ಬರೂ ಕೆಟ್ಟವರಲ್ಲ. ಹನ್ನೊಂದು ವರ್ಷ ಮಾತಿರಲಿಲ್ಲ. ಅಜ್ಜಿಯ ಬೊಜ್ಜದ ದಿನ ಒಬ್ಬರು ಮೊದಲ ಪಂಕ್ತಿಯಲ್ಲಿ ಕೂತರೆ ಇನ್ನೊಬ್ಬರು ಎರಡನೇ ಪಂಕ್ತಿಗೆ ಕಾದರು. ನಾನಾಗ ಏಳನೇ ಕ್ಲಾಸು. ನೀರು ಬಡಿಸುತ್ತಿದ್ದೆ. ದೊಡ್ಡಪ್ಪ ಲೋಟ ಮುಂದೆ ಹಿಡಿದರು, ನನ್ನ ಮುಖ ನೋಡಲಿಲ್ಲ.

ನಮ್ಮಿಬ್ಬರ ನಡುವೆ ಹಾಗೇನಾದರೂ ಆದರೆ ಜಾಸ್ತಿ ಕಳೆದುಕೊಳ್ಳುವವಳು ಅಮ್ಮ. ಒಂದು ಕಡೆ ಅಣ್ಣ, ಒಂದು ಕಡೆ ಮಗ. ನಾಗರಪಂಚಮಿಗೆ ತನು ಎರೆಯಲು ಮೂಲ ಮನೆಗೆ ಬರುವಾಗ ಯಾರ ಜೊತೆ ಬರಬೇಕು ಅಂತ ಅವಳು ಯೋಚಿಸುವ ಹಾಗೆ ಆಗಬಾರದು. ಅಣ್ಣನ ಮಾತು ತೆಗೆದುಹಾಕಬೇಡ ಅಂತ ಅವಳೇ ನನಗೆ ಹೇಳಿದ್ದಾಳೆ. ನನ್ನ ತೀರ್ಮಾನಕ್ಕೆ ಅವಳನ್ನು ಬೈಯಬೇಡಿ.

ಬರುವುದಿಲ್ಲ ಅಂದು ಕೈ ತೊಳೆದುಕೊಳ್ಳುತ್ತಿಲ್ಲ. ನನಗೆ ತೋಚಿದ್ದು ಹೇಳುತ್ತೇನೆ, ಸರಿ ಕಂಡರೆ ಮಾಡಿ. ಮ್ಯಾನೇಜರ್ ಕೆಲಸ ರೈಟ್ರಿಗೇ ಕೊಡಿ, ಸಂಬಳವನ್ನೂ ಸ್ಥಾನಕ್ಕೆ ತಕ್ಕ ಹಾಗೆ ಏರಿಸಿ. ಅವರಿಗೆ ಕಷ್ಟ ಆಗುವುದು ಕಂಪ್ಯೂಟರ್ ಮತ್ತು ಜಿಎಸ್‌ಟಿ ಮಾತ್ರ. ಬೆಳೆಗಾರರಿಂದ ಬೀಜ ಕೊಂಡಾಗ ರಿವರ್ಸ್ ಚಾರ್ಜ್‌ನಲ್ಲಿ ಶೇಕಡಾ 5 ನಾವೇ ಕಟ್ಟಬೇಕಲ್ಲ, ಅಲ್ಲಿ ಪ್ರತಿ ಸಲ ಗಾಬರಿ ಬೀಳುತ್ತಾರೆ. ನವೆಂಬರ್‌ನಿಂದ ಎಂಟು ಆದಿತ್ಯವಾರ ನಾನು ಬಂದು ಟ್ಯಾಲಿ, ರಿಟರ್ನ್ಸ್ ಎರಡನ್ನೂ ಅವರಿಗೆ ಹೇಳಿಕೊಡುತ್ತೇನೆ. ಬರೀ ಮಾದರಿ ಲೆಕ್ಕದಲ್ಲಿ, ಫ್ಯಾಕ್ಟರಿ ಲೆಕ್ಕ ಮುಟ್ಟುವುದಿಲ್ಲ. ಇದಕ್ಕೆ ಹಣ ಕೊಡುವ ಮಾತು ಎತ್ತಬೇಡಿ. ಅವರ ಕೆಳಗೆ ಒಬ್ಬ ಅಕೌಂಟೆಂಟ್ ಬೇಕಾದರೆ ಪೇಪರಿನಲ್ಲಿ ಜಾಹೀರಾತು ಕೊಡಿ. ನಿಮ್ಮ ಆಡಿಟರೇ ಸಂದರ್ಶನ ಮಾಡಲಿ. ನನ್ನ ಸ್ನೇಹಿತರಲ್ಲಿ ಇಬ್ಬರು ಕೆಲಸ ಹುಡುಕುತ್ತಿದ್ದಾರೆ, ಅವರ ಹೆಸರನ್ನೂ ನಾನು ಹೇಳುವುದಿಲ್ಲ.

ನಿಮಗೆ ಆಸ್ಪತ್ರೆಗೆ ಹೋಗಲು, ರಾತ್ರಿ ಕಾಯಲು ಜನ ಬೇಕಾದರೆ ಯಾವ ಹೊತ್ತಿಗಾದರೂ ಫೋನ್ ಮಾಡಿ. ಸುರತ್ಕಲ್‌ನಿಂದ ಒಂದೂವರೆ ಗಂಟೆಯೊಳಗೆ ಬರುತ್ತೇನೆ. ಅದು ಅಳಿಯನ ಕೆಲಸ, ಅದಕ್ಕೆ ಬೇರೆ ಯಾರನ್ನೂ ಕರೆಯಬೇಡಿ.

ದೀಪಾವಳಿಯ ಪೂಜೆಗೆ ಫ್ಯಾಕ್ಟರಿಗೆ ನಾವು ಮೂವರೂ ಬರುತ್ತೇವೆ. ಮ್ಯಾನೇಜರ್ ಕೆಲಸದ ವಿಷಯ ರೈಟ್ರಿಗೆ ನಾನು ಹೇಳಿಲ್ಲ. ನೀವು ಹೇಳುವುದಾದರೆ ಪೂಜೆಯ ದಿನ ಎಲ್ಲರ ಎದುರು ಹೇಳಿ ಅಂತ ಒಂದು ಆಸೆ. ಅತ್ತೆಯ ಹಲಸಿನ ಹಪ್ಪಳದ ಡಬ್ಬ ನಮ್ಮಲ್ಲೇ ಇದೆ. ಖಾಲಿ ತರುತ್ತೇನೆ, ತುಂಬಿಸಿ ಕೊಡಲು ಹೇಳಿ.

ನಿಮ್ಮ ಅಳಿಯ,
ಸುಧಿ