ದೋಷಾರೋಪಣಾ ಪಟ್ಟಿ

ಕೋಲಾರ, ದಿನಾಂಕ: 12-09-2024

ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರ ನಿಯಮ 11ರಡಿ, ಈ ಕಚೇರಿಯ ನಗದು ಶಾಖೆಯ ದ್ವಿತೀಯ ದರ್ಜೆ ಸಹಾಯಕರಾದ ತಮ್ಮ ವಿರುದ್ಧ:

ಆರೋಪ 1: ದಿನಾಂಕ 03-06-2024ರಿಂದ 07-06-2024ರವರೆಗೆ ರಸೀದಿ ಸಂಖ್ಯೆ 41ರಿಂದ 48ರ ಮೂಲಕ ₹18,640 ವಸೂಲು ಮಾಡಿದ್ದೀರಿ. ಕೊನೆಯ ವಸೂಲಾತಿಯಾಗಿ 42 ದಿನಗಳ ನಂತರ, 19-07-2024ರಂದು ₹16,640 ಮಾತ್ರ ಬ್ಯಾಂಕಿಗೆ ಜಮಾ ಮಾಡಿದ್ದೀರಿ. ಅಷ್ಟು ದಿನ ಸರ್ಕಾರಿ ಹಣವನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದೀರಿ.

ಆರೋಪ 2: ರಸೀದಿ 46ರ ಮೂಲ ಪ್ರತಿಯಲ್ಲಿ ₹2,640 ಎಂದಿದೆ. ಕಚೇರಿಯಲ್ಲಿ ಉಳಿದ ಕಾರ್ಬನ್ ಪ್ರತಿಯಲ್ಲಿ ‘2’ ಅಂಕಿಯನ್ನು ಕೆರೆದು ಅಳಿಸಲಾಗಿದ್ದು, ₹640 ಎಂದಷ್ಟೇ ಕಾಣುತ್ತದೆ. ಕಾಗದ ಅಲ್ಲಿ ತೆಳುವಾಗಿದೆ. ನಗದು ಪುಸ್ತಕಕ್ಕೂ ತಾವು ₹640 ಎಂದೇ ಬರೆದಿದ್ದೀರಿ. ಹಣ ಕಟ್ಟಿದವರ ಕೈಯಲ್ಲಿರುವ ಆಧಾರ ಈ ರಸೀದಿಯೊಂದೇ ಆದ್ದರಿಂದ ಇದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

ಇದು ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021ರ ನಿಯಮ 3ರ ಉಲ್ಲಂಘನೆ.

ಅವಲಂಬಿಸಿದ ದಾಖಲೆಗಳು: ಸದರಿ ರಸೀದಿ ಪುಸ್ತಕ, ರಸೀದಿ 46ರ ಮೂಲ ಪ್ರತಿ, ಜೂನ್–ಜುಲೈ ನಗದು ಪುಸ್ತಕ, 19-07-2024ರ ಬ್ಯಾಂಕ್ ಚಲನ್.
ಸಾಕ್ಷಿ: ಕಚೇರಿ ಅಧೀಕ್ಷಕರು.

ಇದು ತಲುಪಿದ 15 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸತಕ್ಕದ್ದು. ಖುದ್ದು ವಿಚಾರಣೆ ಬಯಸುವಿರಾ ಎಂಬುದನ್ನೂ ತಿಳಿಸುವುದು. ಮೂಲ ದಾಖಲೆಗಳನ್ನು ಕಚೇರಿ ವೇಳೆಯಲ್ಲಿ ಪರಿಶೀಲಿಸಬಹುದು.

ಸಹಿ/-
ಶಿಸ್ತು ಪ್ರಾಧಿಕಾರಿ