ಕೆಲಸ ಇದೆ: ಜೂನಿಯರ್ ಡಿಸೈನರ್ ಬೇಕು

1/16
ಜೂನಿಯರ್ ಡಿಸೈನರ್ ಬೇಕು
ಮಕ್ಕಳ ಕನ್ನಡ ಓದಿನ ಆ್ಯಪ್ | ಪೂರ್ಣಾವಧಿ | ಮನೆಯಿಂದ ಕೆಲಸ

▪ ಅನುಭವ 0–2 ವರ್ಷ
▪ ಫಿಗ್ಮಾ ಬಳಸಲು ಬರಬೇಕು
▪ ಕನ್ನಡ ಸರಾಗವಾಗಿ ಓದಿ ಬರೆಯಬೇಕು
▪ ನೀವೇ ಮಾಡಿದ 3 ಕೆಲಸ ತೋರಿಸಬೇಕು
▪ ಡಿಗ್ರಿ ಕಡ್ಡಾಯವಲ್ಲ

ಕೊನೆಯ ದಿನ: ಜೂನ್ 20, ಸಂಜೆ 6 ಗಂಟೆ
ಅರ್ಜಿ: ಈ ಖಾತೆಗೆ ಮೆಸೇಜ್ ಮಾಡಿ
#ಕೆಲಸಇದೆ #ಡಿಸೈನ್

2/16
ಒಂದು ಪೋಸ್ಟಿಗೆ 500 ಅಕ್ಷರ ಮಾತ್ರ. ಮುಖ್ಯವಾದದ್ದೆಲ್ಲ ಮೇಲಿನ ಪೋಸ್ಟಿನಲ್ಲೇ ಇದೆ, ಹಂಚಿಕೊಳ್ಳುವವರು ಅದೊಂದನ್ನೇ ಹಂಚಿದರೆ ಸಾಕು. ಅರ್ಜಿ ಹಾಕುವ ಮನಸ್ಸಿರುವವರು ಮುಂದೆ ಓದಿ. ನಾನು ಈ ತಂಡದ ಡಿಸೈನ್ ಲೀಡ್. ಹೊಸದಾಗಿ ಬರುವವರು ದಿನವೂ ನನ್ನ ಜೊತೆಗೇ ಕೆಲಸ ಮಾಡುತ್ತಾರೆ.

3/16
ನಾವು ಆರು ಜನ. ಮೂವರು ಡೆವಲಪರ್, ಇಬ್ಬರು ಕಥೆ ಬರೆಯುವವರು, ಡಿಸೈನಿಗೆ ನಾನೊಬ್ಬಳೇ. ನಮ್ಮ ಓದುಗರು ಆರರಿಂದ ಹತ್ತು ವರ್ಷದ ಮಕ್ಕಳು. ಕೆಲವರು ಈಗಷ್ಟೇ ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿರುತ್ತಾರೆ. ಪುಟ ತೆರೆದಾಗ ಮಗುವಿನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಎಲ್ಲಿ ತಡವರಿಸುತ್ತದೆ? ದಿನವಿಡೀ ನಾವು ಯೋಚಿಸುವುದು ಇದನ್ನೇ.

4/16
ಮೊದಲ ಮೂರು ತಿಂಗಳು ದೊಡ್ಡ ಹೊರೆ ನಿಮ್ಮ ತಲೆಗೆ ಕಟ್ಟುವುದಿಲ್ಲ. ಈಗಿರುವ ಬಟನ್, ಐಕಾನ್, ಕಾರ್ಡ್‌ಗಳನ್ನು ಒಂದು ಕಾಂಪೊನೆಂಟ್ ಲೈಬ್ರರಿಗೆ ಸೇರಿಸಬೇಕು. ಕಥೆಯ ಪುಟಗಳನ್ನು ಬೇರೆ ಬೇರೆ ಅಳತೆಯ ಫೋನ್, ಟ್ಯಾಬ್‌ಗಳಿಗೆ ಹೊಂದಿಸಬೇಕು. ಡೆವಲಪರ್‌ಗೆ ಕೊಡುವ ಫೈಲ್ ಅಚ್ಚುಕಟ್ಟಾಗಿರಬೇಕು. ನಾಲ್ಕನೇ ತಿಂಗಳಿಂದ ಪದಗಳ ಆಟದ ಭಾಗ ಪೂರ್ತಿ ನಿಮ್ಮದು. ಅದರ ಮೊದಲ ಗೆರೆಯಿಂದಲೂ ನೀವೇ.

5/16
ಈ ಕೆಲಸದ ಜೀವ ಇರುವುದು ಅಕ್ಷರದಲ್ಲಿ. ‘ರಾಷ್ಟ್ರ’, ‘ಸ್ತ್ರೀ’ ಅಂತ ಬರೆದು ನೋಡಿ. ಒತ್ತುಗಳು ಸಾಲಿನ ಕೆಳಗೆ ಎಷ್ಟು ಇಳಿಯುತ್ತವೆ ಅಲ್ವಾ? ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರವನ್ನೇ ಇಟ್ಟರೆ ಆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಹುದು. ಇಕ್ಕಟ್ಟಾದ ಬಟನ್ ಒಳಗಾದರೆ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ದೊಡ್ಡವರು ಅಂದಾಜಿನ ಮೇಲೆ ಓದಿಕೊಳ್ಳುತ್ತಾರೆ. ಓದಲು ಕಲಿಯುತ್ತಿರುವ ಮಗು ಅಲ್ಲೇ ನಿಂತುಬಿಡುತ್ತದೆ.

6/16
ಇನ್ನೊಂದು. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ. ಇಂಗ್ಲಿಷಿನಲ್ಲಿ ತಲೆಬರಹ ಎದ್ದು ಕಾಣಲು ಎಲ್ಲವನ್ನೂ ಕ್ಯಾಪಿಟಲ್ ಮಾಡಬಹುದು, ನಮಗೆ ಆ ದಾರಿ ಇಲ್ಲ. ಗಾತ್ರ, ದಪ್ಪ, ಬಣ್ಣ, ಸುತ್ತಲಿನ ಖಾಲಿ ಜಾಗ, ಇಷ್ಟರಲ್ಲೇ ಆಗಬೇಕು. ಅಕ್ಷರವನ್ನು ಸುಮ್ನೆ ಓರೆ ಮಾಡಿ ಇಟಾಲಿಕ್ ಅಂದರೂ ನನ್ನ ಕಣ್ಣಿಗೆ ಒಗ್ಗುವುದಿಲ್ಲ. ಈ ಇಕ್ಕಟ್ಟಿನಲ್ಲಿ ದಾರಿ ಹುಡುಕುವುದು ನಿಮಗೆ ಖುಷಿ ಕೊಡುತ್ತಾ? ಹಾಗಾದರೆ ನಾವು ಮಾತಾಡಲೇಬೇಕು.

7/16
ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ. ಮೂರೂ ಉಚಿತ ಯೂನಿಕೋಡ್ ಫಾಂಟ್‌ಗಳು. ಒಂದೇ ಪ್ಯಾರಾವನ್ನು ಮೂರರಲ್ಲೂ ಹಾಕಿ, ಪಕ್ಕಪಕ್ಕ ಇಟ್ಟು ನೋಡಿ. ಕಥೆಗೆ ಯಾವುದು, ಬಟನ್‌ಗೆ ಯಾವುದು, ಯಾಕೆ? ಅರ್ಜಿಯಲ್ಲಿ ಎರಡೇ ಸಾಲು ಬರೆಯಿರಿ. ಇದಕ್ಕೆ ಒಂದೇ ಸರಿಯುತ್ತರ ಅಂತ ಇಲ್ಲ. ನಿಮ್ಮ ಕಣ್ಣು ಏನನ್ನು ಗಮನಿಸಿತು ಅಂತ ನನಗೆ ತಿಳಿಯಬೇಕು.

8/16
ಅಕ್ಷರದಷ್ಟೇ ಮುಖ್ಯ ಕಾಂಟ್ರಾಸ್ಟ್. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕು. ಬಿಳಿಯ ಮೇಲೆ #999999 ಬೂದು ಸೊಗಸಾಗಿ ಕಾಣುತ್ತದೆ, ಆದರೆ ಎರಡೂ ಮಟ್ಟ ಮುಟ್ಟುವುದಿಲ್ಲ. #767676 ಮುಟ್ಟುತ್ತದೆ. ಸರಿ-ತಪ್ಪು ತೋರಿಸಲು ಬರೀ ಹಸಿರು-ಕೆಂಪು ಸಾಲದು. ಆ ಎರಡು ಬಣ್ಣ ಬೇರೆಬೇರೆಯಾಗಿ ಕಾಣದ ಮಕ್ಕಳೂ ಇರುತ್ತಾರೆ. ಜೊತೆಗೊಂದು ಗುರುತು ಬೇಕು.

9/16
ಇದೆಲ್ಲ ಈಗಲೇ ಬಾಯಿಪಾಠ ಇರಬೇಕಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳಿ. ಮರುದಿನ ಹುಡುಕಿ ಓದಿಕೊಂಡು ಬನ್ನಿ. ಅಷ್ಟು ಸಾಕು.

10/16
ಬೇಡದ್ದನ್ನೂ ಹೇಳಿಬಿಡುತ್ತೇನೆ. ಕೋಡಿಂಗ್ ಬೇಡ. ವಿಡಿಯೊ ಎಡಿಟಿಂಗ್ ಬೇಡ. ಅನಿಮೇಷನ್ ಬೇಡ. ಚಿತ್ರ ಬಿಡಿಸಲು ಬಂದರೆ ಸಂತೋಷ, ಬರದಿದ್ದರೂ ಅಡ್ಡಿಯಿಲ್ಲ, ಕಥೆಯ ಚಿತ್ರಗಳನ್ನು ಬೇರೆ ಕಲಾವಿದರು ಮಾಡಿಕೊಡುತ್ತಾರೆ. ಜೂನಿಯರ್ ಅಂತ ಕರೆದು ನಾಲ್ಕು ಜನರ ಕೆಲಸ ಒಬ್ಬರಿಗೆ ಹೊರಿಸುವುದು ನನಗೆ ಒಪ್ಪಿಗೆ ಇಲ್ಲ.

11/16
ಪೋರ್ಟ್‌ಫೋಲಿಯೊದಲ್ಲಿ ಮೂರೇ ಕೆಲಸ ಸಾಕು. ಮೂವತ್ತು ಲೋಗೊ ಕಳಿಸಿದರೆ ನಿಮ್ಮ ಯೋಚನೆ ಏನು ಅಂತ ತಿಳಿಯುವುದಿಲ್ಲ. ಪ್ರತಿಯೊಂದಕ್ಕೂ ಐದಾರು ಸಾಲು ಬರೆಯಿರಿ. ಯಾರಿಗಾಗಿ ಮಾಡಿದ್ದು, ತೊಡಕು ಏನಿತ್ತು, ಮೊದಲು ಏನು ಮಾಡಿದಿರಿ, ಅದನ್ನು ಯಾಕೆ ಬಿಟ್ಟಿರಿ. ಆ ಬಿಟ್ಟ ಡ್ರಾಫ್ಟ್ ಇದ್ದರೆ ಅದನ್ನೂ ಹಾಕಿ. ನಾನು ಜಾಸ್ತಿ ಹೊತ್ತು ನೋಡುವುದು ಅದನ್ನೇ.

12/16
ದುಡ್ಡಿಗೆ ಮಾಡಿದ ಕೆಲಸವೇ ಆಗಬೇಕಿಲ್ಲ. ಕಾಲೇಜಿನ ಪ್ರಾಜೆಕ್ಟ್, ಗೆಳೆಯರಿಗೆ ಮಾಡಿಕೊಟ್ಟ ಪೋಸ್ಟರ್, ದಿನವೂ ಬಳಸುವ ಆ್ಯಪಿನ ಒಂದು ಸ್ಕ್ರೀನನ್ನು ಅಭ್ಯಾಸಕ್ಕೆ ಹೊಸದಾಗಿ ಮಾಡಿ ನೋಡಿದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಾಲ್ಕು ಜನ ಸೇರಿ ಮಾಡಿದ್ದಾದರೆ ನಿಮ್ಮ ಪಾಲು ಯಾವುದು ಅಂತ ಸ್ಪಷ್ಟವಾಗಿ ಬರೆಯಿರಿ. ಮತ್ತೆ, ರೆಸ್ಯೂಮೆಯಲ್ಲಿ ‘ಫೋಟೊಶಾಪ್ 85%’ ಅನ್ನುವ ಪಟ್ಟಿಗಳು ಬೇಡ. ಆ ಜಾಗದಲ್ಲಿ ನಿಮ್ಮ ಬಗ್ಗೆ ಎರಡು ಮಾತು ಬರೆಯಿರಿ.

13/16
ಆಯ್ಕೆ ಹೀಗೆ. ಮೊದಲು 20 ನಿಮಿಷದ ಫೋನ್ ಕರೆ. ಆಮೇಲೆ ಒಂದು ಗಂಟೆ ವಿಡಿಯೊ ಕರೆಯಲ್ಲಿ ನಿಮ್ಮ ಕೆಲಸ ನೀವು ತೋರಿಸುತ್ತೀರಿ, ನಾನೂ ಒಬ್ಬ ಡೆವಲಪರೂ ಕೇಳಿಸಿಕೊಳ್ಳುತ್ತೇವೆ. ಕೊನೆಗೆ ಅರ್ಧ ದಿನದ ಒಂದು ಸಣ್ಣ ಕೆಲಸ. ಅದಕ್ಕೆ ಹಣ ಕೊಡುತ್ತೇವೆ, ಆಯ್ಕೆ ಆಗದಿದ್ದರೂ ಕೊಡುತ್ತೇವೆ. ನೀವು ಮಾಡಿದ್ದನ್ನು ಆ್ಯಪಿನಲ್ಲಿ ಬಳಸುವುದಿಲ್ಲ.

14/16
ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಹೊಸಬಳಾಗಿದ್ದಾಗ ಒಂದು ಕಡೆ ಟೆಸ್ಟ್ ಅಂತ ನಾಲ್ಕು ದಿನ ಕೂತು ಹನ್ನೊಂದು ಸ್ಕ್ರೀನ್ ಮಾಡಿಕೊಟ್ಟೆ. ಬೇಡ ಅನ್ನುವ ಉತ್ತರ ಕೂಡ ಬರಲಿಲ್ಲ. ವಾರಗಟ್ಟಲೆ ಫೋನ್ ನೋಡುತ್ತಿದ್ದೆ. ನಮ್ಮಲ್ಲಿ ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಜುಲೈ 5ರ ಒಳಗೆ ಉತ್ತರ ಬರುತ್ತದೆ. ವಿಡಿಯೊ ಕರೆವರೆಗೆ ಬಂದವರಿಗೆ ಯಾಕೆ ಬೇಡವಾಯಿತು ಅಂತಲೂ ಬರೆಯುತ್ತೇನೆ.

15/16
ವಾರಕ್ಕೆ 5 ದಿನ, ಬೆಳಿಗ್ಗೆ 10ರಿಂದ ಸಂಜೆ 6. ಲ್ಯಾಪ್‌ಟಾಪ್, ಫಿಗ್ಮಾ ಖಾತೆ ನಮ್ಮದೇ. ಸಂಬಳ ಎಷ್ಟು ಅಂತ ಫೋನ್ ಕರೆಗೆ ಮೊದಲೇ ಅಂಕಿಯಲ್ಲಿ ಬರೆದು ಕಳಿಸುತ್ತೇವೆ. ಸರಿಹೊಂದದಿದ್ದರೆ ಅಲ್ಲೇ ಬಿಡಬಹುದು, ಇಬ್ಬರ ಹೊತ್ತೂ ಉಳಿಯುತ್ತದೆ. ಹಿಂದಿನ ಸಂಬಳ ಎಷ್ಟಿತ್ತು ಅಂತ ಕೇಳುವುದಿಲ್ಲ. ಓದು ಮುಗಿಸಿ ಒಂದೆರಡು ವರ್ಷ ಖಾಲಿ ಇದ್ದವರೂ ಸಂಕೋಚ ಬಿಟ್ಟು ಅರ್ಜಿ ಹಾಕಿ.

16/16
ಮೆಸೇಜಿನಲ್ಲಿ ನಾಲ್ಕೇ ವಿಷಯ ಇರಲಿ: ನಿಮ್ಮ ಹೆಸರು, ಮೂರು ಕೆಲಸದ ಲಿಂಕ್, ಫಾಂಟ್ ಬಗ್ಗೆ ಆ ಎರಡು ಸಾಲು, ಯಾವಾಗಿಂದ ಬರಬಹುದು. ಕಳಿಸುವ ಮೊದಲು ಆ ಲಿಂಕನ್ನು ಬೇರೆ ಯಾರದಾದರೂ ಫೋನಿನಲ್ಲಿ ತೆರೆದು ನೋಡಿ. ಬೀಗ ಹಾಕಿದ ಫೈಲ್ ಆದರೆ ನನಗೆ ಕಾಣುವುದಿಲ್ಲ. ಜೂನ್ 20ರ ಸಂಜೆ 6ರವರೆಗೆ ಈ ಖಾತೆಯ ಮೆಸೇಜ್ ತೆರೆದಿರುತ್ತದೆ. ಸಂದೇಹ ಇದ್ದರೆ ಇಲ್ಲೇ ಕೆಳಗೆ ಕೇಳಿ, ಉತ್ತರ ಎಲ್ಲರಿಗೂ ಕಾಣಲಿ.